ಮೂರು ಅಂಕ ಹೆಚ್ಚು ಎಂದರೆ ಎಷ್ಟು ಹೆಚ್ಚು?

ಕೆನಡಾದ ವ್ಯಾಂಕೂವರ್‌ನಲ್ಲಿರುವ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮೊದಲ ವರ್ಷದವರಿಗೆ ಭೌತಶಾಸ್ತ್ರ ಕಡ್ಡಾಯ. ವಿದ್ಯಾರ್ಥಿಗಳು ಬಹಳ, ಹಾಗಾಗಿ ಸೆಕ್ಷನ್ನುಗಳೂ ದೊಡ್ಡವು. ಒಂದು ಸೆಕ್ಷನ್ನಿನಲ್ಲಿ 267 ಮಂದಿ, ಇನ್ನೊಂದರಲ್ಲಿ 271. ಎರಡಕ್ಕೂ ಒಳ್ಳೆಯ ಹೆಸರಿದ್ದ ಅನುಭವಿ ಪ್ರಾಧ್ಯಾಪಕರೇ ಪಾಠ ಮಾಡುತ್ತಿದ್ದರು. ಸೆಮಿಸ್ಟರಿನ ಹನ್ನೆರಡನೇ ವಾರ ಒಂದು ಸೆಕ್ಷನ್ನಿನ ಪ್ರಾಧ್ಯಾಪಕರು ಪಕ್ಕಕ್ಕೆ ಸರಿದರು. ಅವರ ಜಾಗಕ್ಕೆ ಪಾಠದ ಅನುಭವ ಅಷ್ಟಾಗಿ ಇಲ್ಲದ ಇಬ್ಬರು ಕಿರಿಯರು ಬಂದರು: ಸಂಶೋಧಕ ಲೂಯಿ ಡೆಲೋರಿಯೆ, ವಿದ್ಯಾರ್ಥಿನಿ ಎಲೆನ್ ಶೆಲ್ಯೂ. ಪಾಠ ವಿದ್ಯುತ್ಕಾಂತೀಯ ಅಲೆಗಳದ್ದು, ಅವಧಿ ಒಟ್ಟು ಮೂರು ಗಂಟೆ.

ಈ ಕಿರಿಯರು ಉಪನ್ಯಾಸ ಕೊಡಲೇ ಇಲ್ಲ. ಮೂರು ನಾಲ್ಕು ಪುಟ ಮೊದಲೇ ಓದಿಕೊಂಡು ಬರಬೇಕಿತ್ತು. ತರಗತಿಯಲ್ಲಿ ಪ್ರಶ್ನೆ ಹಾಕುವುದು, ಅಕ್ಕಪಕ್ಕದವರು ಸೇರಿ ಚರ್ಚಿಸುವುದು, ಕೈಯಲ್ಲಿದ್ದ ಗುಂಡಿ ಒತ್ತಿ ಉತ್ತರ ಕೊಡುವುದು, ಎಲ್ಲಿ ತಪ್ಪಿತೆಂದು ಅಲ್ಲೇ ತಿಳಿದುಕೊಳ್ಳುವುದು, ಇಷ್ಟೇ ಕೆಲಸ. ಇನ್ನೊಂದು ಸೆಕ್ಷನ್ನಿನಲ್ಲಿ ಅದೇ ಪಾಠ ಎಂದಿನಂತೆ ಉಪನ್ಯಾಸದಲ್ಲಿ ನಡೆಯಿತು. ಮುಂದಿನ ತರಗತಿಯಲ್ಲಿ ಇಬ್ಬರಿಗೂ ಒಂದೇ ಪರೀಕ್ಷೆ, 12 ಬಹು ಆಯ್ಕೆಯ ಪ್ರಶ್ನೆ. ಉಪನ್ಯಾಸ ಕೇಳಿದವರ ಸರಾಸರಿ ಶೇ 41, ಚರ್ಚೆ ಮಾಡಿದವರದು ಶೇ 74.

ಈ ಫಲಿತಾಂಶ 2011ರ ಮೇ ತಿಂಗಳಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಲೇಖಕರಲ್ಲಿ ಮೂರನೆಯವರು ಭೌತಶಾಸ್ತ್ರದ ನೊಬೆಲ್ ಪಡೆದಿದ್ದ ಕಾರ್ಲ್ ವೀಮನ್. ಲೇಖನದಲ್ಲಿ ಸರಾಸರಿಗಳ ಜೊತೆಗೆ ಇನ್ನೊಂದು ಸಂಖ್ಯೆಯೂ ಇತ್ತು: 2.5. ಶಿಕ್ಷಣದ ಪ್ರಯೋಗಗಳನ್ನು ಓದುವ ಅಭ್ಯಾಸವಿದ್ದವರು ಬೆರಗಾದದ್ದು ಈ ಸಂಖ್ಯೆಗೆ. ಇದರ ಹೆಸರು ಎಫೆಕ್ಟ್ ಸೈಜ್, ಪರಿಣಾಮದ ಗಾತ್ರ.

ನಮ್ಮಲ್ಲಿ ಎಂ.ಎಡ್. ಪ್ರಬಂಧಗಳನ್ನೋ ಪಿಎಚ್.ಡಿ. ಪ್ರಬಂಧಗಳನ್ನೋ ತಿರುವಿ ಹಾಕಿದವರಿಗೆ ಒಂದು ವಾಕ್ಯ ಬಾಯಿಪಾಠವಾಗಿರುತ್ತದೆ. ಪ್ರಾಯೋಗಿಕ ಗುಂಪಿಗೂ ನಿಯಂತ್ರಿತ ಗುಂಪಿಗೂ ನಡುವೆ 0.05 ಹಂತದಲ್ಲಿ ಸಾರ್ಥಕ ವ್ಯತ್ಯಾಸ ಕಂಡುಬಂದಿದೆ. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ. ಹೊಸ ವಿಧಾನ ಗೆದ್ದಿತು ಎಂದು ಬರೆದವರೂ ಓದಿದವರೂ ಒಪ್ಪಿಕೊಂಡುಬಿಡುತ್ತಾರೆ. ಆದರೆ ಶಾಲೆಯಲ್ಲಿ ಪಾಠ ಮಾಡುವ ಮೇಷ್ಟ್ರಿಗೆ ಬೇಕಾದ ಉತ್ತರ ಆ ವಾಕ್ಯದಲ್ಲಿ ಇರುವುದಿಲ್ಲ. ಮಕ್ಕಳು ಎಷ್ಟು ಹೆಚ್ಚು ಕಲಿತರು ಎಂಬುದು ಅವರ ಪ್ರಶ್ನೆ.

ಆ 0.05 ಹೇಳುವುದು ಬೇರೆಯೇ ಒಂದು ಸಂಗತಿ. ಎರಡು ವಿಧಾನಗಳ ನಡುವೆ ನಿಜಕ್ಕೂ ಯಾವ ವ್ಯತ್ಯಾಸವೂ ಇಲ್ಲ ಎಂದಿಟ್ಟುಕೊಳ್ಳಿ. ಆದರೂ ಮಕ್ಕಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದಾಗ ಚುರುಕಿನವರು ಒಂದಿಷ್ಟು ಮಂದಿ ಒಂದೇ ಕಡೆ ಬಿದ್ದು, ಸರಾಸರಿ ಅಂಕ ಏರುಪೇರಾಗಬಹುದು. ಹೀಗೆ ಬರೀ ಚೀಟಿಯ ಆಟದಿಂದಲೇ ಈಗ ಕಂಡಷ್ಟು ಅಥವಾ ಅದಕ್ಕಿಂತ ದೊಡ್ಡ ಅಂತರ ಬರುವ ಸಂಭವ ಎಷ್ಟು? ಅದೇ ಪಿ-ಮೌಲ್ಯ. ಅದು ನೂರಕ್ಕೆ ಐದಕ್ಕಿಂತ ಕಡಿಮೆಯಾದರೆ ‘ಸಾರ್ಥಕ’ ಎನ್ನುವುದು ರೊನಾಲ್ಡ್ ಫಿಶರ್ 1925ರಲ್ಲಿ ಬರೆದ ಪುಸ್ತಕದಿಂದ ಹಬ್ಬಿದ ರೂಢಿ. ಅಂತರ ದೊಡ್ಡದೋ ಚಿಕ್ಕದೋ ಎಂಬುದನ್ನು ಪಿ-ಮೌಲ್ಯ ಒಂದೇ ಹೇಳಲಾರದು, ಏಕೆಂದರೆ ಅದರೊಳಗೆ ಅಂತರದ ಜೊತೆಗೆ ಮಕ್ಕಳ ಸಂಖ್ಯೆಯೂ ಬೆರೆತುಹೋಗಿರುತ್ತದೆ.

ಒಂದು ಲೆಕ್ಕ ಹಾಕಿದರೆ ಇದು ಕಣ್ಣಿಗೆ ಕಾಣುತ್ತದೆ. ಹೊಸ ವಿಧಾನದಿಂದ ನೂರು ಅಂಕದ ಪರೀಕ್ಷೆಯಲ್ಲಿ ಸರಾಸರಿ 3 ಅಂಕ ಹೆಚ್ಚು ಬಂತು ಎನ್ನಿ. ಮಕ್ಕಳ ಅಂಕಗಳು ಸರಾಸರಿಯ ಆಚೀಚೆ ಹರಡಿಕೊಂಡಿರುವ ಅಳತೆ, ಅಂದರೆ ಮಾನಕ ವಿಚಲನೆ, 15 ಇರಲಿ. ಗುಂಪಿಗೆ 30 ಮಕ್ಕಳಿದ್ದರೆ ಪಿ-ಮೌಲ್ಯ 0.44ರ ಹತ್ತಿರ ಬರುತ್ತದೆ, ‘ಸಾರ್ಥಕವಲ್ಲ’ ಎಂದು ಬರೆಯಬೇಕು. ಗುಂಪಿಗೆ 200 ಮಕ್ಕಳಿದ್ದರೆ 0.046, ಕೂದಲೆಳೆಯಲ್ಲಿ ಗೆಲುವು. ಗುಂಪಿಗೆ 1,000 ಮಕ್ಕಳಾದರೆ 0.00001ಕ್ಕಿಂತಲೂ ಕಡಿಮೆ, ಅತ್ಯಂತ ಸಾರ್ಥಕ. ಮೂರೂ ಕಡೆ ಇರುವುದು ಅದೇ ಮೂರು ಅಂಕ, ಅದೇ ಹರಹು, ಅದೇ ಪಾಠ. ಬದಲಾದದ್ದು ಹಾಜರಿ ಪುಸ್ತಕದ ಉದ್ದ ಮಾತ್ರ. ಮೊದಲನೆಯ ಸಂಶೋಧಕ ಹೊಸ ವಿಧಾನ ಕೆಲಸಕ್ಕೆ ಬಾರದು ಎನ್ನುತ್ತಾನೆ, ಮೂರನೆಯವನು ಕ್ರಾಂತಿಕಾರಿ ಎನ್ನುತ್ತಾನೆ. ಇಬ್ಬರೂ ಕಂಡದ್ದು ಒಂದನ್ನೇ.

ಹಾಗಾದರೆ ಮೂರು ಅಂಕ ಎಂದಷ್ಟೇ ಹೇಳಿದರೆ ಸಾಲದೆ? ಸಾಲದು. ಐದು ಮಕ್ಕಳ ಒಂದು ಪುಟ್ಟ ಗುಂಪಿನಲ್ಲಿ 48, 49, 50, 51, 52 ಅಂಕ ಬಂದಿವೆ. ಇನ್ನೊಂದು ಗುಂಪಿನಲ್ಲಿ 20, 35, 50, 65, 80. ಎರಡರ ಸರಾಸರಿಯೂ 50. ಈಗ ಎರಡೂ ಕಡೆ 50 ಪಡೆದ ಮಗುವಿಗೆ 3 ಅಂಕ ಹೆಚ್ಚಿಗೆ ಸಿಕ್ಕಿತು ಎಂದುಕೊಳ್ಳಿ. ಮೊದಲ ಗುಂಪಿನಲ್ಲಿ ಆ ಮಗು ನಡುವಿನಿಂದ ಎದ್ದು ಎಲ್ಲರಿಗಿಂತ ಮೇಲೆ ಹೋಗಿಬಿಡುತ್ತದೆ. ಎರಡನೆಯದರಲ್ಲಿ ಇದ್ದಲ್ಲೇ ಇರುತ್ತದೆ, ಯಾರನ್ನೂ ದಾಟುವುದಿಲ್ಲ. ಅಂತರದ ತೂಕ ಗೊತ್ತಾಗಬೇಕಾದರೆ ಅದನ್ನು ಅಂಕಗಳ ಹರಹಿನ ಪಕ್ಕದಲ್ಲಿಟ್ಟು ನೋಡಬೇಕು. ಎಫೆಕ್ಟ್ ಸೈಜ್ ಮಾಡುವುದು ಇಷ್ಟನ್ನೇ. ಸರಾಸರಿಗಳ ಅಂತರವನ್ನು ಮಾನಕ ವಿಚಲನೆಯಿಂದ ಭಾಗಿಸುತ್ತದೆ:

```
d = (M1 − M2) / SD
```

ಇಲ್ಲಿ M1, M2 ಎರಡು ಗುಂಪುಗಳ ಸರಾಸರಿ, SD ಎರಡೂ ಗುಂಪುಗಳನ್ನು ಸೇರಿಸಿ ತೆಗೆದ ಮಾನಕ ವಿಚಲನೆ. ಅಮೆರಿಕದ ಮನೋವಿಜ್ಞಾನಿ ಜೇಕಬ್ ಕೋಹೆನ್ ಬಳಕೆಗೆ ತಂದದ್ದರಿಂದ ಇದನ್ನು ಕೋಹೆನ್‌ನ ಡಿ ಎನ್ನುತ್ತಾರೆ. ಮೇಲಿನ ಮೂರೂ ಲೆಕ್ಕಗಳಲ್ಲಿ 3ನ್ನು 15ರಿಂದ ಭಾಗಿಸಿದರೆ ಬರುವುದು 0.2. ಮಕ್ಕಳು 30 ಇದ್ದರೂ 1,000 ಇದ್ದರೂ 0.2. ಪಿ-ಮೌಲ್ಯ ಮೂರು ಕಥೆ ಹೇಳಿದ ಕಡೆ ಡಿ ಒಂದೇ ಕಥೆ ಹೇಳುತ್ತದೆ.

ಒಂದು ಸಾಧಾರಣ ಶಾಲೆಯ ಉದಾಹರಣೆಯನ್ನು ಲೆಕ್ಕಕ್ಕಾಗಿ ಊಹಿಸಿಕೊಳ್ಳೋಣ. ಎಂಟನೇ ತರಗತಿಯ ಎರಡು ಸೆಕ್ಷನ್, ತಲಾ 40 ಮಕ್ಕಳು. ಎ ಸೆಕ್ಷನ್ನಿಗೆ ಬೀಜಗಣಿತವನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಲಾಯಿತು. ಬಿ ಸೆಕ್ಷನ್ನಿನ ಮಕ್ಕಳು ಗುಂಪಿನಲ್ಲಿ ಕೂತು ತಾವೇ ಬಿಡಿಸಿದರು. ಕಿರುಪರೀಕ್ಷೆಯಲ್ಲಿ ಎ ಸೆಕ್ಷನ್ನಿನ ಸರಾಸರಿ 52, ಮಾನಕ ವಿಚಲನೆ 16. ಬಿ ಸೆಕ್ಷನ್ನಿನ ಸರಾಸರಿ 60, ಮಾನಕ ವಿಚಲನೆ 14. ಹರಹುಗಳನ್ನು ಸೇರಿಸಲು ಎರಡನ್ನೂ ವರ್ಗ ಮಾಡಿ (256 ಮತ್ತು 196), ಅವುಗಳ ಸರಾಸರಿ ತೆಗೆದು (226), ವರ್ಗಮೂಲ ಹಾಕಬೇಕು. ಸುಮಾರು 15 ಬರುತ್ತದೆ. ಸರಾಸರಿಗಳ ಅಂತರವಾದ 8ನ್ನು 15ರಿಂದ ಭಾಗಿಸಿದರೆ 0.53. ಕ್ಯಾಲ್ಕುಲೇಟರ್ ಇದ್ದರೆ ಐದು ನಿಮಿಷದ ಕೆಲಸ.

0.53 ಎಂಬುದನ್ನು ಪೋಷಕರ ಸಭೆಯಲ್ಲಿ ಹಾಗೇ ಹೇಳಿದರೆ ಯಾರಿಗೂ ಅರ್ಥವಾಗದು. ಆದರೆ ಅಂಕಗಳು ಮಾಮೂಲಿ ಗಂಟೆಯಾಕಾರದಲ್ಲಿ ಹರಡಿದ್ದರೆ ಅದನ್ನು ಮಾತಿಗೆ ಇಳಿಸಬಹುದು. ಬಿ ಸೆಕ್ಷನ್ನಿನ ಸರಾಸರಿ ಮಗುವನ್ನು ಎ ಸೆಕ್ಷನ್ನಿನಲ್ಲಿ ಕೂರಿಸಿದರೆ ಅದು ಅಲ್ಲಿನ ನೂರರಲ್ಲಿ ಸುಮಾರು 70 ಮಕ್ಕಳಿಗಿಂತ ಮುಂದಿರುತ್ತದೆ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಕಣ್ಣು ಮುಚ್ಚಿ ಎ ಸೆಕ್ಷನ್ನಿನಿಂದ ಒಬ್ಬರನ್ನು, ಬಿ ಸೆಕ್ಷನ್ನಿನಿಂದ ಒಬ್ಬರನ್ನು ಎಬ್ಬಿಸಿ ನಿಲ್ಲಿಸಿದರೆ, ನೂರರಲ್ಲಿ 65 ಸಲ ಬಿ ಸೆಕ್ಷನ್ನಿನವರಿಗೆ ಹೆಚ್ಚು ಅಂಕ ಇರುತ್ತದೆ. ಉಳಿದ 35 ಸಲ ಎ ಸೆಕ್ಷನ್ನಿನವರೇ ಮುಂದು. ಸರಾಸರಿ ಗೆದ್ದಿತೆಂದರೆ ಎಲ್ಲ ಮಕ್ಕಳೂ ಗೆದ್ದರು ಎಂದು ನಾವು ಅಂದುಕೊಂಡುಬಿಡುತ್ತೇವಲ್ಲ, ಆ ತಪ್ಪನ್ನು ಈ 35 ನೆನಪಿಸುತ್ತದೆ.

ಇಷ್ಟರ ಮೇಲೂ 0.53 ಎಂಬುದು 40 ಮಕ್ಕಳ ಗುಂಪಿನಿಂದ ಹುಟ್ಟಿದ ಅಂದಾಜು. ಮಕ್ಕಳು ಬೇರೆಯಾದರೆ ಸಂಖ್ಯೆಯೂ ಬೇರೆಯಾಗುತ್ತದೆ. ಎಷ್ಟು ಅಲುಗಾಡಬಹುದು ಎಂಬುದನ್ನೂ ಲೆಕ್ಕ ಹಾಕಬಹುದು. ಈ ಉದಾಹರಣೆಯಲ್ಲಿ ಶೇ 95ರ ವಿಶ್ವಾಸದ ವ್ಯಾಪ್ತಿ ಸುಮಾರು 0.09ರಿಂದ 0.98ರವರೆಗೆ ಚಾಚಿಕೊಳ್ಳುತ್ತದೆ. ಕೆಳತುದಿ ನಿಜವಾದರೆ ಹೊಸ ವಿಧಾನದಿಂದ ಆದದ್ದು ಏನೂ ಇಲ್ಲವೆನ್ನುವಷ್ಟು. ಮೇಲ್ತುದಿ ನಿಜವಾದರೆ ಅಪರೂಪದ ಯಶಸ್ಸು. ಪಿ-ಮೌಲ್ಯ ಇಲ್ಲಿ 0.02, ‘ಸಾರ್ಥಕ’ ಎಂದು ಕಣ್ಣುಮುಚ್ಚಿ ಬರೆಯಬಹುದು. ಆದರೆ ಇಷ್ಟು ಅಗಲವಾದ ವ್ಯಾಪ್ತಿಯನ್ನು ಕಂಡವರು ಎಲ್ಲ ಶಾಲೆಗಳಿಗೂ ಸುತ್ತೋಲೆ ಹೊರಡಿಸುವ ಮುಂಚೆ ಇನ್ನೊಂದು ಸಲ ಮಾಡಿ ನೋಡೋಣ ಎಂದುಕೊಳ್ಳುತ್ತಾರೆ.

ಈಗ ವ್ಯಾಂಕೂವರ್‌ಗೆ ಮರಳಿ ಹೋಗಬಹುದು. ಅಲ್ಲಿ ಅಂತರ 33, ಮಾನಕ ವಿಚಲನೆ ಎರಡೂ ಸೆಕ್ಷನ್ನಿನಲ್ಲಿ ಸುಮಾರು 13. ಭಾಗಿಸಿದರೆ 2.5. ಚರ್ಚೆಯ ಸೆಕ್ಷನ್ನಿನ ಸರಾಸರಿ ವಿದ್ಯಾರ್ಥಿ ಉಪನ್ಯಾಸದ ಸೆಕ್ಷನ್ನಿನ ನೂರರಲ್ಲಿ 99 ಮಂದಿಗಿಂತ ಮುಂದೆ ಎಂದರ್ಥ. ಇದು ಎಷ್ಟು ಅಸಾಮಾನ್ಯ ಎಂಬುದಕ್ಕೆ ಒಂದು ಹೋಲಿಕೆ ಇದೆ. ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ ಕಾಲೇಜು ಮಟ್ಟದ ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿದರು. ವಿದ್ಯಾರ್ಥಿಗಳು ಸುಮ್ಮನೆ ಕೇಳುವ ಬದಲು ತಾವೇ ತೊಡಗಿಕೊಂಡು ಕಲಿತರೆ ಪರೀಕ್ಷೆಯಲ್ಲಿ ಆಗುವ ಲಾಭ ಸರಾಸರಿ 0.47 ಎಂದು ತಿಳಿಯಿತು. ವ್ಯಾಂಕೂವರಿನದು ಅದರ ಐದು ಪಟ್ಟಿಗಿಂತ ಹೆಚ್ಚು.

ಅಂದರೆ ಮೂರು ಗಂಟೆಯ ಪಾಠದಲ್ಲಿ ಅಂಥ ಪವಾಡ ನಡೆಯಿತೇ? ಆ ಲೇಖನದ ಸಂಖ್ಯೆಗಳು ಸರಿಯಾಗಿಯೇ ಇವೆ. ಆದರೆ ಡಿ ಎಂಬುದು ವಿಧಾನದ ಮೈಗೆ ಅಂಟಿಕೊಂಡು ಬರುವ ಗುಣವಲ್ಲ. ಯಾವ ಪರೀಕ್ಷೆ, ಯಾವಾಗ ಕೊಟ್ಟದ್ದು, ಯಾರಿಗೆ ಕೊಟ್ಟದ್ದು ಎಂಬುದರ ಮೇಲೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಅಲ್ಲಿನ 12 ಪ್ರಶ್ನೆಗಳೂ ಆ ವಾರದ ಪಾಠದ ಗುರಿಗಳಿಗೆ ನೇರವಾಗಿ ತಾಗುವಂಥವು. ಪಾಠ ಮುಗಿದ ಮಾರನೆಯ ತರಗತಿಯಲ್ಲೇ ಪರೀಕ್ಷೆ, ಕಲಿತದ್ದು ಇನ್ನೂ ಬಿಸಿಯಾಗಿತ್ತು. ಇಂಥ ಪರೀಕ್ಷೆಯಲ್ಲಿ ಅಂತರ ಎದ್ದು ಕಾಣುತ್ತದೆ. ಅದೇ ವಿದ್ಯಾರ್ಥಿಗಳಿಗೆ ವರ್ಷದ ಕೊನೆಗೆ ಇಡೀ ಭೌತಶಾಸ್ತ್ರದ ಮೇಲೆ ಪರೀಕ್ಷೆ ಕೊಟ್ಟಿದ್ದರೆ, ಅದರಲ್ಲಿ ವಿದ್ಯುತ್ಕಾಂತೀಯ ಅಲೆಗಳ ಪಾಲು ಒಂದಷ್ಟೇ ಇರುತ್ತಿತ್ತು. ಅಂತರವೂ ಅಷ್ಟಕ್ಕೇ ಕರಗುತ್ತಿತ್ತು. ಸಂಶೋಧಕರು ತಾವೇ ತಯಾರಿಸಿದ ಪರೀಕ್ಷೆಗಳಲ್ಲಿ ಎಫೆಕ್ಟ್ ಸೈಜ್, ಹೊರಗಿನವರು ರೂಪಿಸಿದ ಪರೀಕ್ಷೆಗಳಿಗಿಂತ ಸುಮಾರು ಎರಡು ಪಟ್ಟು ಬರುತ್ತದೆ ಎಂದು ಅಲನ್ ಚಿಯುಂಗ್ ಮತ್ತು ರಾಬರ್ಟ್ ಸ್ಲಾವಿನ್ 2016ರಲ್ಲಿ ನೂರಾರು ಅಧ್ಯಯನಗಳನ್ನು ಜಾಲಾಡಿ ತೋರಿಸಿದರು.

ಪರೀಕ್ಷೆ ಬರೆದವರ ಲೆಕ್ಕವೂ ಮುಖ್ಯ. ಚರ್ಚೆಯ ಸೆಕ್ಷನ್ನಿನಿಂದ 211 ಮಂದಿ ಬರೆದರು, ಉಪನ್ಯಾಸದ ಸೆಕ್ಷನ್ನಿನಿಂದ 171. ಹಾಜರಾಗದವರು ಎಂಥವರು ಎಂಬುದನ್ನು ಅಂಕಗಳಿಂದ ತಿಳಿಯಲಾಗದು. ಇದೆಲ್ಲಕ್ಕಿಂತ ದೊಡ್ಡ ತೊಡಕು ಬೇರೊಂದಿದೆ. ಆ ಪ್ರಯೋಗದಲ್ಲಿ ನೂರಾರು ವಿದ್ಯಾರ್ಥಿಗಳಿದ್ದರು ನಿಜ, ಆದರೆ ಸೆಕ್ಷನ್ನುಗಳು ಎರಡೇ. ಒಂದು ವಿಧಾನಕ್ಕೆ ಒಂದು ಸೆಕ್ಷನ್, ಒಂದೇ ಬೋಧಕ ತಂಡ. ಅಂತರ ಬಂದದ್ದು ವಿಧಾನದಿಂದಲೋ, ಆ ವಾರ ಹೊಸಬರು ಬಂದ ಹುರುಪಿನಿಂದಲೋ, ಆ ಬೋಧಕರ ಕೌಶಲದಿಂದಲೋ ಬೇರ್ಪಡಿಸಲು ದಾರಿಯಿಲ್ಲ. ಪಿ-ಮೌಲ್ಯ ಎಷ್ಟೇ ಸಣ್ಣದಾದರೂ, ಡಿ ಎಷ್ಟೇ ದೊಡ್ಡದಾದರೂ ಈ ಗಂಟು ಬಿಚ್ಚುವುದಿಲ್ಲ. ಒಂದು ಶಾಲೆಯ ಎ ಮತ್ತು ಬಿ ಸೆಕ್ಷನ್ ಇಟ್ಟುಕೊಂಡು ನಡೆಯುವ ನಮ್ಮ ಬಹುಪಾಲು ಪ್ರಯೋಗಗಳಿಗೂ ಇದೇ ಗತಿ. ಅದನ್ನು ಬಿಚ್ಚಬೇಕಾದರೆ ಬೇಕಾಗಿರುವುದು ಹೆಚ್ಚು ಮಕ್ಕಳಲ್ಲ, ಹೆಚ್ಚು ತರಗತಿಗಳು.

ಹಾಗೆ ಹೆಚ್ಚು ಶಾಲೆಗಳನ್ನು ಇಟ್ಟುಕೊಂಡು ನಡೆದ ಪ್ರಯೋಗವೊಂದು ನಮ್ಮ ದೇಶದಲ್ಲೇ ಇದೆ. ಪ್ರಥಮ್ ಸಂಸ್ಥೆ ಮುಂಬಯಿ ಮತ್ತು ವಡೋದರದ ಮುನ್ಸಿಪಲ್ ಶಾಲೆಗಳಲ್ಲಿ ‘ಬಾಲಸಖಿ’ ಎಂಬ ಕಾರ್ಯಕ್ರಮ ನಡೆಸುತ್ತಿತ್ತು. ಮೂರು, ನಾಲ್ಕನೇ ತರಗತಿಗೆ ಬಂದರೂ ಓದಲು, ಕೂಡಿ ಕಳೆಯಲು ಬಾರದ ಮಕ್ಕಳಲ್ಲಿ 15ರಿಂದ 20 ಮಂದಿಯನ್ನು ದಿನಕ್ಕೆ ಎರಡು ಗಂಟೆ ತರಗತಿಯಿಂದ ಹೊರಗೆ ಕರೆದುಕೊಂಡು ಹೋಗಿ, ಅಡಿಪಾಯದಿಂದ ಕಲಿಸುವುದು ಅದರ ಕ್ರಮ. ಕಲಿಸುವವಳು ಅದೇ ವಠಾರದ ಓದಿದ ಹುಡುಗಿ, ಸಂಬಳ ತಿಂಗಳಿಗೆ 500ರಿಂದ 750 ರೂಪಾಯಿ. ಅಭಿಜಿತ್ ಬ್ಯಾನರ್ಜಿ, ಶಾನ್ ಕೋಲ್, ಎಸ್ತರ್ ದುಫ್ಲೊ, ಲೀ ಲಿಂಡನ್ ಇದನ್ನು ಚೀಟಿ ಎತ್ತಿ ಹಂಚಿದ ಶಾಲೆಗಳಲ್ಲಿ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಇವರಲ್ಲಿ ಬ್ಯಾನರ್ಜಿ ಮತ್ತು ದುಫ್ಲೊ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಬಾಲಸಖಿಯ ಪರಿಣಾಮದ ಗಾತ್ರ ಮೊದಲ ವರ್ಷ 0.14, ಎರಡನೇ ವರ್ಷ 0.28. ವ್ಯಾಂಕೂವರಿನ 2.5ರ ಮುಂದೆ ಇದು ಚಿಕ್ಕಾಸಿನಂತೆ ಕಾಣುತ್ತದೆ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಇಲ್ಲಿ ಪರೀಕ್ಷೆ ಒಂದು ವಾರದ ಪಾಠದ್ದಲ್ಲ, ಮಗುವಿಗೆ ಓದಲು, ಲೆಕ್ಕ ಮಾಡಲು ಎಷ್ಟು ಬರುತ್ತದೆ ಎಂಬುದರದ್ದು. ಅಳೆದದ್ದು ಒಂದು ಹಾಲ್‌ನಲ್ಲಿ ಅಲ್ಲ, ಎರಡು ನಗರಗಳ ಶಾಲೆಗಳಲ್ಲಿ. 0.28 ಎಂದರೆ ನೂರು ಮಕ್ಕಳ ಸಾಲಿನಲ್ಲಿ ನಟ್ಟನಡುವೆ ನಿಂತಿದ್ದ ಮಗು 11 ಮಕ್ಕಳನ್ನು ದಾಟಿ ಮುಂದೆ ಹೋಗುವಷ್ಟು.

ಅಷ್ಟೇ ಅಲ್ಲ, ಈ 0.28 ಯಾರ ಸರಾಸರಿ ಎಂದು ಕೇಳಿದರೆ ಕಥೆ ಇನ್ನಷ್ಟು ತೆರೆದುಕೊಳ್ಳುತ್ತದೆ. ಅದು ಬಾಲಸಖಿಯ ಬಳಿಗೆ ಹೋದವರು, ತರಗತಿಯಲ್ಲೇ ಉಳಿದವರು, ಹೀಗೆ ಕಾರ್ಯಕ್ರಮವಿದ್ದ ಶಾಲೆಯ ಎಲ್ಲ ಮಕ್ಕಳ ಸರಾಸರಿ. ಹಿಂದುಳಿದ ಮಕ್ಕಳು ಹೊರಗೆ ಹೋದಾಗ ತರಗತಿ ಚಿಕ್ಕದಾಗಿ ಉಳಿದವರಿಗೂ ಅನುಕೂಲವಾದೀತು ಎಂದು ಯಾರಾದರೂ ನಿರೀಕ್ಷಿಸಬಹುದು. ಸಂಶೋಧಕರು ಬಿಡಿಸಿ ನೋಡಿದರೆ ಉಳಿದವರಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಲಾಭವೆಲ್ಲ ಬಾಲಸಖಿಯ ಮುಂದೆ ಕೂತ ಮಕ್ಕಳದ್ದೇ, ಅವರ ಮಟ್ಟಿಗೆ ಲೆಕ್ಕ ಹಾಕಿದರೆ ಗಾತ್ರ ಸುಮಾರು 0.6. ಒಂದೇ ಪ್ರಯೋಗ, ಒಂದೇ ಪರೀಕ್ಷೆ. ಆದರೆ ಛೇದದ ಮೇಲೆ ಯಾರನ್ನು ಲೆಕ್ಕಕ್ಕೆ ಹಿಡಿದೆವು ಎಂಬುದರ ಮೇಲೆ 0.28 ಮತ್ತು 0.6 ಎರಡೂ ಸರಿಯಾದ ಉತ್ತರಗಳು. ಶಾಲೆಗೆ ಇದರಿಂದ ಎಷ್ಟು ಉಪಕಾರ ಎಂದು ಕೇಳುವ ಅಧಿಕಾರಿಗೆ ಮೊದಲನೆಯದು ಬೇಕು. ನನ್ನ ಮಗುವನ್ನು ಕಳಿಸಿದರೆ ಎಷ್ಟು ಉಪಕಾರ ಎಂದು ಕೇಳುವ ತಾಯಿಗೆ ಎರಡನೆಯದು.

ಕಾಲ ಕಳೆದಂತೆ ಏನಾಯಿತು ಎಂಬುದನ್ನೂ ಅವರು ಬಿಡಲಿಲ್ಲ. ಕಾರ್ಯಕ್ರಮ ನಿಂತು ಒಂದು ವರ್ಷವಾದ ಮೇಲೆ ಅದೇ ಮಕ್ಕಳನ್ನು ಪರೀಕ್ಷಿಸಿದಾಗ ಗಾತ್ರ 0.10ರ ಸುತ್ತಮುತ್ತ ಇಳಿದಿತ್ತು. ಪೂರ್ತಿ ಅಳಿಸಿಹೋಗಿರಲಿಲ್ಲ, ಆದರೆ ಬಹುಪಾಲು ಸೋರಿತ್ತು. ಪಾಠ ಮುಗಿದ ಮಾರನೇ ದಿನದ ಸಂಖ್ಯೆಯನ್ನು ಮಾತ್ರ ಹಿಡಿದು ಕುಣಿಯುವವರು ಈ ಇಳಿಕೆಯನ್ನು ಒಮ್ಮೆ ನೋಡಬೇಕು.

ಹಾಗಾದರೆ ಎಷ್ಟಾದರೆ ಸಣ್ಣದು, ಎಷ್ಟಾದರೆ ದೊಡ್ಡದು? ಕೋಹೆನ್ ಒಂದು ಅಂದಾಜು ಕೊಟ್ಟಿದ್ದರು: 0.2 ಸಣ್ಣದು, 0.5 ಮಧ್ಯಮ, 0.8 ದೊಡ್ಡದು. ಅವರ ಉದಾಹರಣೆಗಳು ಮನಸ್ಸಿಗೆ ಹತ್ತುವಂಥವು. 15 ವರ್ಷದ ಹುಡುಗಿಯರಿಗೂ 16 ವರ್ಷದ ಹುಡುಗಿಯರಿಗೂ ಎತ್ತರದಲ್ಲಿ ಇರುವ ಅಂತರ 0.2ರಷ್ಟು, ಸುಮ್ಮನೆ ನೋಡಿದರೆ ಗೊತ್ತಾಗದು. 14ರವರಿಗೂ 18ರವರಿಗೂ ಇರುವುದು 0.5ರಷ್ಟು, ಗಮನವಿಟ್ಟು ನೋಡಿದರೆ ಕಣ್ಣಿಗೇ ಕಾಣುತ್ತದೆ. ಬೇರೆ ಆಧಾರ ಇಲ್ಲದಿದ್ದಾಗ ಮಾತ್ರ ಈ ಅಳತೆ ಬಳಸಿ ಎಂದು ಅವರೇ ಎಚ್ಚರಿಸಿದ್ದರು. ಆ ಎಚ್ಚರಿಕೆ ಉಳಿಯಲಿಲ್ಲ, ಮೂರು ಸಂಖ್ಯೆಗಳು ಮಾತ್ರ ಉಳಿದವು. ಈಗ ಪಿ-ಮೌಲ್ಯದ 0.05 ಹೇಗೆ ಗೆರೆಯಾಯಿತೋ ಹಾಗೆಯೇ 0.5 ಕೂಡ ಗೆರೆಯಾಗಿ ಕೂತಿದೆ.

ಶಾಲೆಗಳಿಗೆ ಆ ಗೆರೆ ಹೊಂದುವುದಿಲ್ಲ. ಬ್ರೌನ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕ್ರಾಫ್ಟ್ 2020ರಲ್ಲಿ, ಶಾಲಾ ಮಕ್ಕಳನ್ನು ಸಾರ್ವತ್ರಿಕ ಪರೀಕ್ಷೆಗಳಿಂದ ಅಳೆದ ದೊಡ್ಡ ಪ್ರಯೋಗಗಳನ್ನು ಮುಂದಿಟ್ಟುಕೊಂಡು ಬೇರೆ ಅಳತೆ ಸೂಚಿಸಿದರು. 0.05ಕ್ಕಿಂತ ಕಡಿಮೆಯಾದರೆ ಸಣ್ಣದು, 0.20 ಮತ್ತು ಅದಕ್ಕಿಂತ ಮೇಲಾದರೆ ದೊಡ್ಡದು. ಜೊತೆಗೆ ಖರ್ಚನ್ನೂ ನೋಡಿ ಎಂದರು. ಈ ಮಾತಿಗೂ ವಡೋದರದಲ್ಲೇ ಸಾಕ್ಷಿ ಇದೆ. ಅದೇ ಅಧ್ಯಯನದ ಭಾಗವಾಗಿ ನಾಲ್ಕನೇ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ ಕಂಪ್ಯೂಟರ್‌ನಲ್ಲಿ ಗಣಿತದ ಆಟ ಆಡಿಸಿದ್ದರು. ಗಣಿತದಲ್ಲಿ ಅದರ ಗಾತ್ರ 0.47, ಬಾಲಸಖಿಯದ್ದಕ್ಕಿಂತ ಎಷ್ಟೋ ದೊಡ್ಡದು. ಆದರೆ ಮಗುವಿಗೆ ವರ್ಷಕ್ಕೆ ತಗುಲಿದ ಖರ್ಚು ಕಂಪ್ಯೂಟರಿಗೆ ಸುಮಾರು 15 ಡಾಲರ್, ಬಾಲಸಖಿಗೆ ಎರಡು ಕಾಲು ಡಾಲರ್. ಅದೇ ದುಡ್ಡಿನಲ್ಲಿ ಆರು ಪಟ್ಟಿಗಿಂತ ಹೆಚ್ಚು ಮಕ್ಕಳಿಗೆ ಬಾಲಸಖಿ ಸಿಗುತ್ತಾಳೆ. ಮುನ್ಸಿಪಾಲಿಟಿಯ ಬಜೆಟ್ ಹಿಡಿದು ಕೂತವರಿಗೆ 0.28 ಹೆಚ್ಚು ಹಿಡಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ.

ಭಾಗಾಕಾರದ ಕೆಳಗಿನ ಸಂಖ್ಯೆಯ ಬಗ್ಗೆ ಒಂದು ಮಾತು ಉಳಿದಿದೆ, ಏಕೆಂದರೆ ಮೋಸ ಹೋಗುವುದು ಹೆಚ್ಚಾಗಿ ಅಲ್ಲೇ. ಎಲ್ಲ ಬಗೆಯ ಮಕ್ಕಳಿರುವ ಶಾಲೆಯಲ್ಲಿ ಮಾನಕ ವಿಚಲನೆ 16 ಇದ್ದು, ಹೊಸ ವಿಧಾನದಿಂದ 4 ಅಂಕ ಹೆಚ್ಚಾದರೆ ಡಿ 0.25. ಪ್ರವೇಶ ಪರೀಕ್ಷೆಯಲ್ಲಿ ಆಯ್ದು ತಂದ ಮಕ್ಕಳ ವಸತಿ ಶಾಲೆಯಲ್ಲಿ ಎಲ್ಲರ ಅಂಕವೂ ಹತ್ತಿರ ಹತ್ತಿರ, ಮಾನಕ ವಿಚಲನೆ 8 ಇದ್ದೀತು. ಅಲ್ಲೂ ಅದೇ 4 ಅಂಕ ಹೆಚ್ಚಾದರೆ ಡಿ 0.50. ಮಕ್ಕಳು ಕಲಿತದ್ದು ಅಷ್ಟೇ, ಹೆಚ್ಚಿಗೆ ಒಂದು ಅಂಕವೂ ಬಂದಿಲ್ಲ. ಆದರೆ ಎರಡನೆಯ ಶಾಲೆಯ ವರದಿ ಎರಡು ಪಟ್ಟು ಪರಿಣಾಮ ಎಂದು ಹೇಳಿಕೊಳ್ಳಬಹುದು. ಹಾಗಾಗಿ ಡಿ ಒಂದನ್ನೇ ಕೊಟ್ಟು ಸರಾಸರಿ ಮತ್ತು ಮಾನಕ ವಿಚಲನೆಯನ್ನು ಮುಚ್ಚಿಟ್ಟ ವರದಿಯನ್ನು ನಂಬುವುದು ಕಷ್ಟ.

ಪಿ-ಮೌಲ್ಯದ ಗೆರೆ ಎಫೆಕ್ಟ್ ಸೈಜನ್ನೂ ಕೆಡಿಸಬಲ್ಲದು. ಇದು ಸ್ವಲ್ಪ ಸೂಕ್ಷ್ಮ, ಆದರೆ ಚಿಕ್ಕ ಅಧ್ಯಯನಗಳನ್ನು ಓದುವವರು ತಿಳಿದಿರಲೇಬೇಕಾದ ವಿಚಾರ. ಗುಂಪಿಗೆ 30 ಮಕ್ಕಳಿರುವ ಪ್ರಯೋಗದಲ್ಲಿ 0.05ರ ಗೆರೆ ದಾಟಬೇಕಾದರೆ ಡಿ ಕನಿಷ್ಠ 0.52 ಬರಲೇಬೇಕು, ಗಣಿತವೇ ಹಾಗಿದೆ. ಈಗ ಒಂದು ವಿಧಾನದ ನಿಜವಾದ ಪರಿಣಾಮ 0.2 ಎಂದುಕೊಳ್ಳಿ. ನೂರು ಕಡೆ ನೂರು ಮಂದಿ ಅದನ್ನು ಪರೀಕ್ಷಿಸುತ್ತಾರೆ. ಕೆಲವರಿಗೆ 0.1 ಬರುತ್ತದೆ, ಕೆಲವರಿಗೆ 0.3, ಅಪರೂಪಕ್ಕೆ ಅದೃಷ್ಟ ಕೂಡಿ ಒಬ್ಬರಿಗೆ 0.6. ಸತ್ಯದ ಹತ್ತಿರ ಇರುವವರೆಲ್ಲ ‘ಸಾರ್ಥಕವಲ್ಲ’ ಎಂದು ಬರೆದು ಫೈಲು ಮುಚ್ಚುತ್ತಾರೆ. 0.6 ಕಂಡವರ ಲೇಖನ ಮಾತ್ರ ಅಚ್ಚಾಗುತ್ತದೆ. ಓದುಗರ ಕೈಗೆ ಬರುವ ಪ್ರತಿಯೊಂದು ಸಂಖ್ಯೆಯೂ ನಿಜಕ್ಕಿಂತ ಎರಡೂವರೆ ಪಟ್ಟಾದರೂ ಉಬ್ಬಿರುತ್ತದೆ, ಆದರೂ ಯಾರೂ ಸುಳ್ಳು ಬರೆದಿರುವುದಿಲ್ಲ. ಚಿಕ್ಕ ಗುಂಪು, ಗೆರೆ ದಾಟಿದ ಪಿ, ದೊಡ್ಡ ಡಿ, ಮೂರೂ ಒಟ್ಟಿಗೆ ಕಂಡ ಕಡೆ ಅನುಮಾನ ಪಡುವುದು ಒಳ್ಳೆಯದು.

ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಎಂಟನೇ ತರಗತಿಯ ಆ ಎರಡು ಸೆಕ್ಷನ್ನುಗಳ ಮೇಷ್ಟ್ರು ತಮ್ಮ ವರದಿಯ ಕೊನೆಯ ವಾಕ್ಯವನ್ನು ಹೀಗೆ ಬರೆದರೆ ಸಾಕು: ‘ತಲಾ 40 ಮಕ್ಕಳ ಎರಡು ಸೆಕ್ಷನ್ನುಗಳಲ್ಲಿ, ನಾವೇ ತಯಾರಿಸಿದ ಕಿರುಪರೀಕ್ಷೆಯಲ್ಲಿ ಸರಾಸರಿ 52 ಮತ್ತು 60, ಮಾನಕ ವಿಚಲನೆ 16 ಮತ್ತು 14, ಪರಿಣಾಮದ ಗಾತ್ರ 0.53, ಅದು 0.09ರಿಂದ 0.98ರ ನಡುವೆ ಎಲ್ಲಿಯೂ ಇರಬಹುದು. ಎರಡೂ ಸೆಕ್ಷನ್ನುಗಳಿಗೆ ಬೇರೆ ಬೇರೆ ಶಿಕ್ಷಕರು ಪಾಠ ಮಾಡಿದ್ದರು.’ ಪಕ್ಕದ ಊರಿನ ಇನ್ನೊಬ್ಬ ಮೇಷ್ಟ್ರು ಅದನ್ನು ಓದಿ, ತಮ್ಮ ಶಾಲೆಯ ಸಂಖ್ಯೆಗಳನ್ನು ಅದರ ಕೆಳಗೆ ಬರೆಯಬಹುದು. ಮುಂದಿನ ವರ್ಷ ಶಿಕ್ಷಕರು ಸೆಕ್ಷನ್ ಅದಲುಬದಲು ಮಾಡಿಕೊಂಡು ಅದೇ ಪಾಠವನ್ನು ಮತ್ತೊಮ್ಮೆ ಮಾಡಿ ನೋಡಬಹುದು, ಆರು ತಿಂಗಳು ಬಿಟ್ಟು ಅದೇ ಮಕ್ಕಳಿಗೆ ಇನ್ನೊಂದು ಪರೀಕ್ಷೆ ಕೊಡಬಹುದು.